ಪಿಡಿಎಫ್ ವರದಿಯಿಂದ ಸ್ಲೈಡ್: ಯಾವುದನ್ನು ಎತ್ತಿಕೊಳ್ಳಬಹುದು, ಯಾವುದನ್ನು ಕೈಯಾರೆ ಕಟ್ಟಬೇಕು?

ಪ್ರಶ್ನೆ: ನಮ್ಮ ಸಂಸ್ಥೆ 28 ಹಳ್ಳಿಗಳ ಕುಡಿಯುವ ನೀರಿನ ಸಮೀಕ್ಷೆ ಮಾಡಿ 46 ಪುಟದ ಕನ್ನಡ ವರದಿ ತಂದಿದೆ. ನನ್ನ ಹತ್ರ ಇರೋದು ಪಿಡಿಎಫ್ ಮಾತ್ರ. ಮುಂದಿನ ಗುರುವಾರ ತಾಲ್ಲೂಕು ಮಟ್ಟದ ಸಭೆಯಲ್ಲಿ 15 ನಿಮಿಷ ಮಾತಾಡಬೇಕು. ಒಂದು ಆನ್‌ಲೈನ್ ಕನ್ವರ್ಟರ್‌ಗೆ ಹಾಕಿದೆ, 46 ಸ್ಲೈಡ್ ಬಂತು. ಅಕ್ಷರ ಒಡೆದಿದೆ, ಕೋಷ್ಟಕ ಚೂರುಚೂರು, ಗ್ರಾಫಿನ ಬಣ್ಣ ಬದಲಿಸೋಕೂ ಆಗ್ತಿಲ್ಲ. ದುಡ್ಡು ಕೊಟ್ಟು ಒಳ್ಳೆ ಕನ್ವರ್ಟರ್ ತಗೊಂಡ್ರೆ ಸರಿಹೋಗುತ್ತಾ? ಇಲ್ಲ ಎಲ್ಲಾ ಮತ್ತೆ ಟೈಪ್ ಮಾಡ್ಬೇಕಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ಬೇಡ. ದುಡ್ಡು ಕೊಟ್ಟರೆ ಚೂರುಗಳು ಸ್ವಲ್ಪ ನೀಟಾಗಿ ಬರುತ್ತವೆ, ಅಷ್ಟೇ. ಎಲ್ಲವನ್ನೂ ಟೈಪ್ ಮಾಡುವ ಅಗತ್ಯವೂ ಇಲ್ಲ. 46 ಪುಟದಲ್ಲಿ ಸಭೆಗೆ ನಿಜವಾಗಿ ಬೇಕಾಗುವುದು ಎಂಟೋ ಹತ್ತೋ ಸಂಗತಿ. ಅದರಲ್ಲಿ ಅರ್ಧದಷ್ಟನ್ನು ಇದ್ದ ಹಾಗೆ ಎತ್ತಿಕೊಳ್ಳಬಹುದು, ಉಳಿದರ್ಧವನ್ನು ಮತ್ತೆ ಕಟ್ಟಬೇಕು. ಯಾವುದು ಯಾವ ಗುಂಪಿಗೆ ಸೇರುತ್ತದೆ ಅಂತ ತಿಳಿಯುವುದೇ ಇಲ್ಲಿನ ಕೆಲಸ.

ಆದರೆ ಅದಕ್ಕೂ ಮುಂಚೆ ಒಂದು ಫೋನ್ ಮಾಡಿ. ವರದಿಯನ್ನು ಯಾರೋ ವರ್ಡ್‌ನಲ್ಲೋ ಪೇಜ್‌ಮೇಕರ್‌ನಲ್ಲೋ ಕೂತು ಮಾಡಿದ್ದಾರೆ. ಗ್ರಾಫ್‌ಗಳು ಯಾವುದೋ ಎಕ್ಸೆಲ್ ಫೈಲ್‌ನಿಂದ ಬಂದಿವೆ. ಆ ಎಕ್ಸೆಲ್ ಒಂದು ಸಿಕ್ಕರೂ ನಿಮ್ಮ ಕೆಲಸದ ಮುಕ್ಕಾಲು ಭಾಗ ಮುಗಿದ ಹಾಗೆ. ಡಿಟಿಪಿ ಮಾಡಿದವರ ಕಂಪ್ಯೂಟರ್‌ನಲ್ಲಿ, ಸಮೀಕ್ಷೆಗೆ ಓಡಾಡಿದ ಹುಡುಗರ ಮೇಲ್‌ನಲ್ಲಿ ಅದು ಇದ್ದೇ ಇರುತ್ತದೆ. ನನ್ನ ಹತ್ತಿರ ಈ ಕೆಲಸ ತಂದವರಲ್ಲಿ ಬಹಳಷ್ಟು ಜನ ಮೂಲ ಫೈಲ್ ಕೇಳಿಯೇ ಇರುವುದಿಲ್ಲ. ಕೇಳೋಕೆ ಮುಜುಗರ ಅಂತ ಎರಡು ದಿನ ಟೈಪ್ ಮಾಡಿದವರನ್ನೂ ನೋಡಿದ್ದೇನೆ. ಸಿಗಲೇ ಇಲ್ಲ ಅಂತಾದರೆ ಮುಂದೆ ಓದಿ.

ಪಿಡಿಎಫ್ ಒಳಗೆ ಏನಿರುತ್ತದೆ

ಕನ್ವರ್ಟರ್ ಕೆಟ್ಟದ್ದು ಅಂತ ಎಲ್ಲರೂ ಬೈಯುತ್ತಾರೆ. ಪಾಪ, ಅದರ ತಪ್ಪು ಕಡಿಮೆ. ಪಿಡಿಎಫ್ ಹುಟ್ಟಿದ್ದೇ (1993ರಲ್ಲಿ, ಅಡೋಬಿಯಿಂದ) ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ, ಯಾವ ಪ್ರಿಂಟರ್‌ಗೆ ಕೊಟ್ಟರೂ ಪುಟ ಒಂದೇ ಥರ ಕಾಣಲಿ ಅಂತ. ಅದಕ್ಕೆ ಬೇಕಾದದ್ದನ್ನು ಮಾತ್ರ ಅದು ಇಟ್ಟುಕೊಂಡಿರುತ್ತದೆ. ಈ ಅಕ್ಷರದ ಆಕಾರವನ್ನು ಎಡದಿಂದ ಇಷ್ಟು ದೂರದಲ್ಲಿ ಬರೆ, ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಚೌಕಕ್ಕೆ ನೀಲಿ ತುಂಬು. ಇಷ್ಟೇ. ಇದು ಪ್ಯಾರಾ, ಇದು ಕೋಷ್ಟಕದ ಮೂರನೇ ಕಂಬಸಾಲು, ಈ ನೀಲಿ ಚೌಕ ಅಂದರೆ 1.8 ಮಿಲಿಗ್ರಾಂ ಅಂತ ಅದಕ್ಕೆ ಗೊತ್ತಿಲ್ಲ. ವರ್ಡ್‌ನಿಂದ ನೇರವಾಗಿ ಉಳಿಸಿದ ಪಿಡಿಎಫ್‌ನಲ್ಲಿ ಟ್ಯಾಗ್ ಅನ್ನುವ ಸುಳಿವುಗಳು ಸ್ವಲ್ಪ ಉಳಿದಿರಬಹುದು. ಪ್ರಿಂಟ್ ಕೊಟ್ಟು ಮಾಡಿದ ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಅದೂ ಇರುವುದಿಲ್ಲ.

ಹಾಗಾಗಿ ಕನ್ವರ್ಟರ್ ಮಾಡುವುದು ಊಹೆ. ಒಂದರ ಪಕ್ಕ ಒಂದು ಇರುವ ಅಕ್ಷರಗಳನ್ನು ಸೇರಿಸಿ ಸಾಲು ಅನ್ನುತ್ತದೆ. ಪ್ರತಿ ಸಾಲನ್ನೂ ಬೇರೆ ಪೆಟ್ಟಿಗೆಗೆ ಹಾಕುತ್ತದೆ. ಕೋಷ್ಟಕದ ಗೆರೆ ಬೇರೆ, ಒಳಗಿನ ಅಂಕಿ ಬೇರೆ. ಗ್ರಾಫ್ ಅಂತೂ ಬರೀ ಚೌಕಗಳ ರಾಶಿ. ನಿಮ್ಮ 46 ಸ್ಲೈಡ್ ನೋಡೋಕೆ ಸ್ಲೈಡ್, ಒಳಗೆ ಅದೇ ಪಿಡಿಎಫ್.

ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಪವರ್‌ಪಾಯಿಂಟ್‌ನಲ್ಲಿ View > Outline View ಒತ್ತಿ. ಸರಿಯಾಗಿ ಕಟ್ಟಿದ ಸ್ಲೈಡ್‌ಗಳಾದರೆ ಎಡಗಡೆ ಶೀರ್ಷಿಕೆಗಳ ಪಟ್ಟಿ ಕಾಣುತ್ತದೆ. ಕನ್ವರ್ಟರ್ ಕೊಟ್ಟ ಫೈಲ್‌ನಲ್ಲಿ ಸಾಧಾರಣವಾಗಿ ಅಲ್ಲಿ ಖಾಲಿ. ಅಂದರೆ ಶೀರ್ಷಿಕೆ ಅನ್ನೋದು ಶೀರ್ಷಿಕೆಯ ಜಾಗದಲ್ಲಿ ಇಲ್ಲ, ಸುಮ್ನೆ ಒಂದು ಪೆಟ್ಟಿಗೆಯಲ್ಲಿದೆ. ನಿಮ್ಮ ಸಂಸ್ಥೆಯ ಟೆಂಪ್ಲೇಟ್ ಹಾಕಿದರೂ ಅದು ಅಲುಗಾಡುವುದಿಲ್ಲ. ಹೀಗೆ ಖಾಲಿ ಬಂದರೆ ಆ ಫೈಲ್ ರಿಪೇರಿಗೆ ಕೂರಬೇಡಿ. ಹೊಸ ಫೈಲ್ ತೆರೆದು, ಬೇಕಾದ್ದನ್ನು ಮಾತ್ರ ತರುವುದು ಬೇಗ ಆಗುತ್ತದೆ.

ಇನ್ನೊಂದು ತಪ್ಪು ನಂಬಿಕೆ, ಒಂದು ಪುಟ ಅಂದರೆ ಒಂದು ಸ್ಲೈಡ್ ಅನ್ನೋದು. ಎ4 ಪುಟದ ಎತ್ತರ 11.69 ಇಂಚು. ಈಗಿನ ಅಗಲ ಸ್ಲೈಡ್‌ನ ಎತ್ತರ 7.5 ಇಂಚು. ಪುಟವನ್ನು ಸ್ಲೈಡ್‌ಗೆ ಕೂರಿಸಿದರೆ 11 ಪಾಯಿಂಟ್ ಅಕ್ಷರ 7 ಪಾಯಿಂಟ್ ಆಗುತ್ತದೆ. ಇಂಗ್ಲಿಷ್ ಆದರೆ ಮುಂದಿನ ಸಾಲಿನವರು ಕಣ್ಣು ಕಿರಿದು ಮಾಡಿ ಓದಿಯಾರು. ಕನ್ನಡದಲ್ಲಿ ಒತ್ತಕ್ಷರವೇ ಮಾಯ. ನಾನು ಕನ್ನಡ ಸ್ಲೈಡ್‌ನಲ್ಲಿ 24 ಪಾಯಿಂಟ್‌ಗಿಂತ ಕೆಳಗೆ ಇಳಿಯುವುದಿಲ್ಲ. ಅಡಿಟಿಪ್ಪಣಿಗೆ ಮಾತ್ರ 16.

ಅಕ್ಷರ ಒಡೆದದ್ದು ಯಾಕೆ

ಇದು ಕನ್ನಡದವರ ಪಾಲಿನ ವಿಶೇಷ ತೊಂದರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವರದಿಯಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಮೂರರಲ್ಲಿ ಒಂದಾಗುತ್ತದೆ.

ಮೊದಲನೆಯದು, ಕಾಪಿ ಮಾಡಲು ಅಕ್ಷರವೇ ಆಯ್ಕೆ ಆಗುವುದಿಲ್ಲ. ಇಡೀ ಪುಟ ಒಂದೇ ಚಿತ್ರದಂತೆ ನೀಲಿಯಾಗುತ್ತದೆ. ಅದು ಸ್ಕ್ಯಾನ್ ಮಾಡಿದ್ದು. ಆಗ ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸಿ ಪಠ್ಯ ಮಾಡುವ ಒಸಿಆರ್ ಬೇಕು. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಓದುತ್ತದೆ. ಟೆಸ್ಸರಾಕ್ಟ್ ಅನ್ನುವ ಉಚಿತ ಒಸಿಆರ್ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. ಪ್ಯಾರಾಗಳ ಮಟ್ಟಿಗೆ ಪರವಾಗಿಲ್ಲ, ಅಂಕಿ ತುಂಬಿದ ಕೋಷ್ಟಕಕ್ಕೆ ನಂಬಬೇಡಿ. ಆರು ಸಾಲಿನ ಕೋಷ್ಟಕವನ್ನು ಕೈಯಲ್ಲಿ ಟೈಪ್ ಮಾಡುವುದು ಒಸಿಆರ್ ತಪ್ಪು ಹುಡುಕುವುದಕ್ಕಿಂತ ಬೇಗ.

ಎರಡನೆಯದು, ಈ ಥರ ಬರುತ್ತದೆ:

```
PÀ£ÁðlPÀ
```

ಇದು ‘ಕರ್ನಾಟಕ’. ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಹೀಗೆ. ಜನ ಇದನ್ನು ನೋಡಿ ‘ಎಲ್ಲಾ ಹಾಳಾಯ್ತು’ ಅಂದುಕೊಳ್ಳುತ್ತಾರೆ. ನಿಜವಾಗಿ ಇದು ಸುಲಭದ್ದು. ನುಡಿಯ ಜೊತೆಗೇ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶ ಬರುತ್ತದೆ. ಅದಕ್ಕೆ ಹಾಕಿದರೆ ಬಹುಪಾಲು ಸರಿಯಾಗಿ ಬರುತ್ತದೆ. ಒಂದೇ ಎಚ್ಚರ, ನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಅಂತಲೇ ತಿಳಿದು ಕಲಸಿಬಿಡುತ್ತದೆ. ‘mg/L’ ಅನ್ನೋದು ಏನೇನೋ ಆಗಿರುತ್ತದೆ. ಅವನ್ನು ಕೈಯಾರೆ ಸರಿ ಮಾಡಬೇಕು.

ಮೂರನೆಯದು ಮೋಸದ್ದು. ಕನ್ನಡವೇ ಬರುತ್ತದೆ, ಓದಿದರೆ ಸರಿ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗಿರುತ್ತದೆ. ‘ವರ್ಷ’ ಹೋಗಿ ‘ವಷರ್’. ‘ಕಾರ್ಯ’ ಹೋಗಿ ‘ಕಾಯರ್’. ಇದಕ್ಕೆ ಕಾರಣ ಅರ್ಕಾವತ್ತು. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲೇ ಅಕ್ಷರ ಕೂರುತ್ತದೆ, ಮೊದಲು ‘ರ್’, ಆಮೇಲೆ ‘ಷ’. ಆದರೆ ಪುಟದ ಮೇಲೆ ಬರೆಯುವಾಗ ಮೊದಲು ‘ಷ’, ಅದರ ಬಲಕ್ಕೆ ಅರ್ಕಾವತ್ತು. ಪಿಡಿಎಫ್ ಇಟ್ಟುಕೊಳ್ಳುವುದು ಬರೆಯುವ ಕ್ರಮವನ್ನು. ಕಾಪಿ ಮಾಡಿದಾಗ ಅದೇ ಕ್ರಮ ಹೊರಗೆ ಬರುತ್ತದೆ. ಒತ್ತಕ್ಷರದ ಆಕಾರಕ್ಕೆ ಯಾವ ಅಕ್ಷರ ಅಂತ ಹೇಳುವ ಪಟ್ಟಿ ಫೈಲ್ ಒಳಗೆ ಅರೆಬರೆ ಇದ್ದರೆ, ಆ ಜಾಗದಲ್ಲಿ ಖಾಲಿ ಚೌಕವೋ ಬೇರೆ ಅಕ್ಷರವೋ ಬರುತ್ತದೆ. ನೀವು ಹೇಳಿದ ‘ಒಡೆದ ಅಕ್ಷರ’ ಬಹುಶಃ ಇದೇ.

ಇಲ್ಲೊಂದು ತಮಾಷೆ ಇದೆ. ಹಳೆ ನುಡಿಯಲ್ಲೂ ಅರ್ಕಾವತ್ತು ಕೊನೆಗೇ ಬರುತ್ತದೆ. ಮೇಲಿನ ಸಾಲಿನಲ್ಲಿ ಕಾಣುವ ð ಅದೇ. ಆದರೆ ನುಡಿಯ ಪರಿವರ್ತಕಕ್ಕೆ ಈ ಪದ್ಧತಿ ಗೊತ್ತು, ತಾನೇ ಹಿಂದಕ್ಕೆ ಒಯ್ದು ಕೂರಿಸುತ್ತದೆ. ಹಾಗಾಗಿ ಎಷ್ಟೋ ಸಲ ಹೊಸ ಯೂನಿಕೋಡ್ ಪಿಡಿಎಫ್‌ಗಿಂತ ಹಳೆ ನುಡಿ ಪಿಡಿಎಫ್‌ನಿಂದ ಶುದ್ಧವಾದ ಕನ್ನಡ ಸಿಗುತ್ತದೆ.

ನಿಮ್ಮದು ಮೂರನೆಯ ಜಾತಿಯದಾದರೆ, ಪೇಸ್ಟ್ ಮಾಡಿದ ಮೇಲೆ ‘ರ್’ನಿಂದ ಕೊನೆಯಾಗುವ ಪದಗಳನ್ನು ಹುಡುಕಿ. ನೀರಿನ ವರದಿಯಾದ್ದರಿಂದ ‘ಲೀಟರ್’, ‘ಮೀಟರ್’, ‘ಮೋಟಾರ್’ ಬೇಕಾದಷ್ಟು ಸಿಗುತ್ತವೆ, ಅವು ಸರಿ. ‘ವಷರ್’, ‘ಅಥರ್’, ‘ಮಾಗರ್’ ಕಂಡರೆ ಅವು ಗಾಯಗೊಂಡವು. ಹೇಗೂ ಸ್ಲೈಡ್‌ಗೆ ಪ್ಯಾರಾ ಹಾಕುವಂತಿಲ್ಲ. ಪ್ಯಾರಾ ಓದಿ, ಅದರ ಸಾರವನ್ನು ಒಂದು ಸಾಲಿನಲ್ಲಿ ನೀವೇ ಟೈಪ್ ಮಾಡಿ. ಹತ್ತು ಸ್ಲೈಡ್‌ಗೆ ಮೂವತ್ತು ಸಾಲು ಆದೀತು, ಅರ್ಧ ಗಂಟೆಯ ಕೆಲಸ. ಪಠ್ಯವನ್ನು ಎತ್ತಿಕೊಳ್ಳುವ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ಊರಿನ ಹೆಸರು, ಯೋಜನೆಯ ಉದ್ದ ಹೆಸರು, ಯಾರಾದರೂ ಹೇಳಿದ ಮಾತು, ಇವನ್ನು ಮಾತ್ರ ಕಾಪಿ ಮಾಡಿ ತಿದ್ದಿಕೊಳ್ಳಿ.

ಒಂದು ಪುಟ ಬಿಡಿಸಿ ನೋಡೋಣ

ನಿಮ್ಮ ವರದಿ ನನ್ನ ಮುಂದಿಲ್ಲ. ಆದರೆ ಇಂಥ ವರದಿಗಳಲ್ಲಿ ಒಂದು ಪುಟ ಇದ್ದೇ ಇರುತ್ತದೆ. ಮೇಲೆ 28 ಹಳ್ಳಿಗಳ ಕೋಷ್ಟಕ, ಹಳ್ಳಿ, ಕೊಳವೆಬಾವಿ ಎಷ್ಟು, ಪರೀಕ್ಷೆ ಆದದ್ದು ಎಷ್ಟು, ಫ್ಲೋರೈಡ್ ಎಷ್ಟು ಅಂತ. ಕೆಳಗೆ ಅದೇ ಅಂಕಿಯ ಕಂಬ ಗ್ರಾಫ್. ಪಕ್ಕದಲ್ಲಿ ತಾಲ್ಲೂಕಿನ ನಕ್ಷೆ, ಒಂದು ಫೋಟೋ. ಇದು 17ನೇ ಪುಟ ಅಂತ ಇಟ್ಟುಕೊಳ್ಳೋಣ.

ಕೋಷ್ಟಕದಿಂದ ಶುರು ಮಾಡಿ, ಯಾಕೆಂದರೆ ಗ್ರಾಫ್‌ಗೆ ಬೇಕಾದ ಅಂಕಿ ಅಲ್ಲೇ ಇದೆ. ವಿಂಡೋಸ್‌ನ ಹೊಸ ಎಕ್ಸೆಲ್ (ಮೈಕ್ರೋಸಾಫ್ಟ್ 365) ಇದ್ದರೆ Data > Get Data > From File > From PDF ಒತ್ತಿ. ಪುಟವಾರು ಕೋಷ್ಟಕಗಳ ಪಟ್ಟಿ ಬರುತ್ತದೆ, ಪುಟ 17ರದ್ದನ್ನು ಆರಿಸಿ. ಎಕ್ಸೆಲ್ ಹಳೆಯದಾದರೆ ಟ್ಯಾಬುಲಾ ಅನ್ನುವ ಉಚಿತ ತಂತ್ರಾಂಶ ಇದೆ, ಕೋಷ್ಟಕದ ಸುತ್ತ ಚೌಕ ಎಳೆದರೆ ಅಂಕಿ ಕೊಡುತ್ತದೆ. ಸ್ಕ್ಯಾನ್ ಮಾಡಿದ ಪುಟಕ್ಕೆ ಎರಡೂ ಆಗುವುದಿಲ್ಲ. ಹಳ್ಳಿ ಹೆಸರು ಒಡೆದು ಬಂದರೆ ತಲೆ ಕೆಡಿಸಿಕೊಳ್ಳಬೇಡಿ, 28 ಹೆಸರು ಕೈಯಲ್ಲಿ ಬರೆಯಿರಿ. ಅಂಕಿ ಬಂದರೆ ಸಾಕು.

ಆ ಅಂಕಿಯನ್ನು ಹಾಗೇ ನಂಬಬೇಡಿ. ನನಗೆ ಬಿದ್ದ ಪೆಟ್ಟು ಹೇಳುತ್ತೇನೆ. ಹಿಂದೆ ಒಂದು ಕಚೇರಿಗೆ ಇದೇ ರೀತಿ ಸ್ಲೈಡ್ ಮಾಡಿಕೊಟ್ಟಿದ್ದೆ. ಒಂದು ಹಳ್ಳಿಯಲ್ಲಿ ನಲ್ಲಿ ಇಲ್ಲದ ಮನೆ 382 ಅಂತ ತೋರಿಸಿತ್ತು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ‘ಸ್ವಾಮಿ, ನಮ್ಮ ಊರಲ್ಲಿ ಇರೋದೇ 210 ಮನೆ’ ಅಂದರು. ಸಭೆ ನಕ್ಕಿತು. ಆಮೇಲೆ ಪಿಡಿಎಫ್ ತೆರೆದು ನೋಡಿದರೆ ಅಲ್ಲಿದ್ದದ್ದು 38, ಅದರ ತಲೆಯ ಮೇಲೆ ಅಡಿಟಿಪ್ಪಣಿಯ ಪುಟ್ಟ 2. ಎತ್ತಿಕೊಳ್ಳುವಾಗ ಪುಟ್ಟ 2 ಕೆಳಗಿಳಿದು ಪಕ್ಕದಲ್ಲಿ ಕೂತಿತ್ತು.

ನಿಮ್ಮ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕುಡಿಯುವ ನೀರಿನ ಭಾರತೀಯ ಮಾನದಂಡ IS 10500 ಪ್ರಕಾರ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಒಂದು ಹಳ್ಳಿಗೆ 1.5 ಅಂತ ಬರೆದು ತಲೆ ಮೇಲೆ ಟಿಪ್ಪಣಿಯ 1 ಹಾಕಿದ್ದರೆ, ಅದು 1.51 ಆಗಿ ಹೊರಬರುತ್ತದೆ. 382ರ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಸುಮ್ಮನೆ ಆ ಊರು ಮಿತಿ ದಾಟಿದ ಪಟ್ಟಿಗೆ ಸೇರಿಬಿಡುತ್ತದೆ.

ಎರಡನೇ ಬಲೆ ಖಾಲಿ ಜಾಗ. ಪರೀಕ್ಷೆ ಆಗದ ಹಳ್ಳಿಯ ಮುಂದೆ ಏನೂ ಬರೆಯದೆ ಬಿಟ್ಟಿದ್ದರೆ, ಪಕ್ಕದ ಕಂಬಸಾಲಿನ ಅಂಕಿ ಜಾರಿ ಅಲ್ಲಿಗೆ ಬರಬಹುದು. ‘–’ ಹಾಕಿದ್ದರೆ ನಾವು ಆತುರದಲ್ಲಿ ಅದನ್ನು 0 ಮಾಡಿಬಿಡುತ್ತೇವೆ. ಗ್ರಾಫ್‌ನಲ್ಲಿ ಆ ಊರಿಗೆ ಫ್ಲೋರೈಡೇ ಇಲ್ಲ ಅಂತ ಕಾಣುತ್ತದೆ. ಪರೀಕ್ಷೆ ಆಗಿಲ್ಲ ಅನ್ನೋದಕ್ಕೂ ಸೊನ್ನೆ ಅನ್ನೋದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ?

ಹಿಡಿಯುವ ಉಪಾಯ ಹೀಗಿದೆ. ಎಣಿಕೆಯ ಕಂಬಸಾಲುಗಳನ್ನು (ಕೊಳವೆಬಾವಿ, ಪರೀಕ್ಷೆ) ಎಕ್ಸೆಲ್‌ನಲ್ಲಿ ಕೂಡಿಸಿ, ವರದಿಯ ‘ಒಟ್ಟು’ ಸಾಲಿಗೆ ಹೋಲಿಸಿ. ಹೊಂದಿದರೆ ನಿರಾಳ. ಫ್ಲೋರೈಡ್‌ಗೆ ಒಟ್ಟು ಇರುವುದಿಲ್ಲ. ಅದನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ದಶಾಂಶದ ಆಚೆ ಎಷ್ಟು ಅಂಕಿ ಇವೆ ನೋಡಿ. ಎಲ್ಲದಕ್ಕೂ ಒಂದು, ಯಾವುದೋ ಒಂದಕ್ಕೆ ಎರಡು ಇದ್ದರೆ ಅದರ ಮೂಲಕ್ಕೆ ಹೋಗಿ. ಆಮೇಲೆ ಒಬ್ಬರು ಪಿಡಿಎಫ್ ನೋಡಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಎಕ್ಸೆಲ್ ನೋಡಿ ಹೂಂಗುಟ್ಟಲಿ. 28 ಸಾಲಿಗೆ ಐದು ನಿಮಿಷ. ಹಳೆ ಕಾಲದ ಪ್ರೂಫ್ ಓದುವ ಪದ್ಧತಿ, ಇವತ್ತಿಗೂ ಇದಕ್ಕೆ ಸಾಟಿ ಇಲ್ಲ.

ಸ್ಲೈಡ್‌ಗೆ 28 ಸಾಲೂ ಹಾಕಬೇಡಿ. ಮಿತಿ ದಾಟಿದ ಆರೋ ಏಳೋ ಹಳ್ಳಿ ಸಾಕು. ಅಷ್ಟನ್ನು ಪವರ್‌ಪಾಯಿಂಟ್‌ನ ಸ್ವಂತ ಕೋಷ್ಟಕವಾಗಿಯೇ ಕಟ್ಟಿ. ಕೋಷ್ಟಕದ ಚಿತ್ರ ತೆಗೆದು ಅಂಟಿಸಿದರೆ, ಸಭೆಯ ಹಿಂದಿನ ದಿನ ‘ಆ ಒಂದು ಅಂಕಿ ಬದಲಾಗಿದೆ’ ಅಂತ ಫೋನ್ ಬಂದಾಗ ಅಳಬೇಕಾಗುತ್ತದೆ.

ಗ್ರಾಫ್‌ಗೆ ಬರೋಣ. ಪಿಡಿಎಫ್‌ನಿಂದ ಗ್ರಾಫ್ ಅಂಕಿಸಮೇತ ವಾಪಸ್ ಬರುವುದಿಲ್ಲ. ಎಷ್ಟೇ ದುಬಾರಿ ತಂತ್ರಾಂಶ ಆಗಲಿ, ಇಲ್ಲದ ಅಂಕಿಯನ್ನು ಎಲ್ಲಿಂದ ತರುತ್ತದೆ? ನಿಮ್ಮ ಹತ್ತಿರ ಈಗ ಪರಿಶೀಲಿಸಿದ ಕೋಷ್ಟಕ ಇದೆ, Insert > Chart ಒತ್ತಿ ಹೊಸದಾಗಿ ಮಾಡಿ, ಹತ್ತು ನಿಮಿಷ. 1.5ಕ್ಕೆ ಒಂದು ಕೆಂಪು ಗೆರೆ, ಅದನ್ನು ದಾಟಿದ ಕಂಬಗಳಿಗೆ ಮಾತ್ರ ಗಾಢ ಬಣ್ಣ. ವರದಿಯ ಗ್ರಾಫ್‌ಗಿಂತ ಇದು ಚೆನ್ನಾಗಿರುತ್ತದೆ, ಯಾಕೆಂದರೆ ವರದಿಯದ್ದು ಓದುವವರಿಗೆ ಮಾಡಿದ್ದು, ನಿಮ್ಮದು ದೂರದಿಂದ ನೋಡುವವರಿಗೆ.

ಕೆಲವು ಗ್ರಾಫ್‌ಗಳಿಗೆ ಜೊತೆಯಲ್ಲಿ ಕೋಷ್ಟಕವೇ ಇರುವುದಿಲ್ಲ. ಆಗ ಪುಟವನ್ನು 800 ಶೇಕಡಾ ದೊಡ್ಡದು ಮಾಡಿ ನೋಡಿ. ಅಂಚು ಚೂಪಾಗೇ ಉಳಿದರೆ ಅದು ಗೆರೆಗಳಿಂದ ಮಾಡಿದ್ದು, ಅಳೆಯಬಹುದು. ಇಂಕ್‌ಸ್ಕೇಪ್ ಅನ್ನುವ ಉಚಿತ ಚಿತ್ರ ತಂತ್ರಾಂಶದಲ್ಲಿ ಆ ಪುಟ ತೆರೆದು ಕಂಬದ ಮೇಲೆ ಕ್ಲಿಕ್ ಮಾಡಿದರೆ ಎತ್ತರ ಎಷ್ಟು ಅಂತ ತೋರಿಸುತ್ತದೆ. ಅಕ್ಷರೇಖೆಯಲ್ಲಿ 0ಯಿಂದ 3ರವರೆಗೆ 120 ಮಿಲಿಮೀಟರ್ ಇದ್ದು, ಒಂದು ಕಂಬ 74 ಮಿಲಿಮೀಟರ್ ಇದ್ದರೆ, 74ನ್ನು 120ರಿಂದ ಭಾಗಿಸಿ 3ರಿಂದ ಗುಣಿಸಿ. 1.85 ಬಂತು. ರೇಖೆ ಸೊನ್ನೆಯಿಂದ ಶುರುವಾಗಿದೆಯಾ ಅಂತ ಮೊದಲು ನೋಡಿಕೊಳ್ಳಿ. ಅರ್ಧದಿಂದ ಶುರು ಮಾಡಿದ ಗ್ರಾಫ್‌ಗಳು ಬೇಕಾದಷ್ಟಿವೆ. ದೊಡ್ಡದು ಮಾಡಿದಾಗ ಅಂಚು ಮಸುಕಾದರೆ ಅದು ಚಿತ್ರ, ಅಳತೆ ಅಂದಾಜಿನದು. ಹೀಗೆ ಅಳೆದು ಪಡೆದ ಅಂಕಿಯನ್ನು ಸ್ಲೈಡ್‌ನಲ್ಲಿ 1.85 ಅಂತ ಬರೆಯಬೇಡಿ, ‘ಸುಮಾರು 1.9, ಗ್ರಾಫ್‌ನಿಂದ ಓದಿದ್ದು’ ಅಂತ ಬರೆಯಿರಿ. ಮಿತಿಯ ಹತ್ತಿರ ಹತ್ತಿರ ಇರುವ ಹಳ್ಳಿಯಾದರೆ ಅಳೆದ ಅಂಕಿಯನ್ನು ಹಾಕಲೇಬೇಡಿ. ಸಮೀಕ್ಷೆ ಮಾಡಿದವರನ್ನು ಕೇಳಿ.

ನಕ್ಷೆಯನ್ನು ಮಾತ್ರ ಮುಟ್ಟಬೇಡಿ. ಹಳ್ಳಿಗಳ ಗಡಿ ಅಂದರೆ ಸಾವಿರಾರು ಸಣ್ಣ ಗೆರೆ. ಅದನ್ನು ಪವರ್‌ಪಾಯಿಂಟ್ ಆಕಾರಗಳಾಗಿ ಬದಲಿಸಿದರೆ ಫೈಲ್ ತೆವಳುತ್ತದೆ, ಒಂದು ಗಡಿ ಎಲ್ಲೋ ಸರಿದರೂ ಗೊತ್ತಾಗುವುದಿಲ್ಲ. ಚಿತ್ರವಾಗಿ ಹಾಕಿ, ಆದರೆ ಸ್ಕ್ರೀನ್‌ಶಾಟ್ ಬೇಡ. ಸ್ಕ್ರೀನ್‌ಶಾಟ್‌ನಲ್ಲಿ ನಿಮ್ಮ ಪರದೆಯಲ್ಲಿ ಎಷ್ಟು ಚುಕ್ಕಿ ಇತ್ತೋ ಅಷ್ಟೇ ಬರುತ್ತದೆ. ಪಾಪ್ಲರ್ ಅನ್ನುವ ಉಚಿತ ಸಲಕರಣೆ ಇದ್ದರೆ ಕಮಾಂಡ್ ವಿಂಡೋದಲ್ಲಿ ಈ ಒಂದು ಸಾಲು ಸಾಕು:

```
pdftoppm -r 300 -f 17 -l 17 -png report.pdf p17
```

ಎ4 ಪುಟ 2480 ಚುಕ್ಕಿ ಅಗಲದ ಚಿತ್ರವಾಗಿ ಬರುತ್ತದೆ. ಅರ್ಧ ಪುಟದ ನಕ್ಷೆಯನ್ನು ಕತ್ತರಿಸಿಕೊಂಡರೂ ಪ್ರೊಜೆಕ್ಟರ್‌ಗೆ ಧಾರಾಳ. ಪವರ್‌ಪಾಯಿಂಟ್ ಉಳಿಸುವಾಗ ಚಿತ್ರಗಳನ್ನು ತಾನೇ ಕುಗ್ಗಿಸುತ್ತದೆ. ಅದನ್ನು File > Options > Advanced ಒಳಗೆ Do not compress images in file ಅಂತ ಗುರುತು ಹಾಕಿ ತಡೆಯಬಹುದು. ಒಂದನ್ನು ಮಾತ್ರ ಕೈಯಾರೆ ಮಾಡಿ. ನಕ್ಷೆಯ ಮೂಲೆಯಲ್ಲಿರುವ ಬಣ್ಣಗಳ ವಿವರ ಸಾಮಾನ್ಯವಾಗಿ ಇರುವೆ ಗಾತ್ರದ್ದು. ಅದನ್ನು ಕತ್ತರಿಸಿ, ಮೂರು ಚೌಕ ಮೂರು ಪದ ದೊಡ್ಡದಾಗಿ ಬರೆದು ಪಕ್ಕದಲ್ಲಿಡಿ. ಚೌಕದ ಬಣ್ಣವನ್ನು Eyedropper ಇಟ್ಟು ನಕ್ಷೆಯಿಂದಲೇ ತೆಗೆದುಕೊಳ್ಳಿ, ಕಣ್ಣಂದಾಜು ಬೇಡ.

ಫೋಟೋ ಬೇಗ ಮುಗಿಸೋಣ. ವರದಿಯನ್ನು ಚಿಕ್ಕ ಫೈಲ್ ಮಾಡುವಾಗ ಫೋಟೋಗಳನ್ನೂ ಹಿಂಡಿರುತ್ತಾರೆ. 600 ಚುಕ್ಕಿ ಅಗಲದ ಫೋಟೋ ಪರದೆ ತುಂಬ ಹಿಗ್ಗಿಸಿದರೆ ಮಸುಕು. ತೆಗೆದವರಿಂದ ಮೂಲ ಫೋಟೋ ತರಿಸಿಕೊಳ್ಳಿ, ವಾಟ್ಸಾಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ.

ಹಾಗಾದರೆ ಕನ್ವರ್ಟರ್ ಯಾವಾಗ?

ಇಷ್ಟು ಹೇಳಿದ ಮೇಲೂ ಕನ್ವರ್ಟರ್‌ಗೆ ಜಾಗ ಇದೆ. ಪಿಡಿಎಫ್ ಮೊದಲು ಸ್ಲೈಡ್ ಆಗಿಯೇ ಇದ್ದು, ಮೂಲ ಕಳೆದುಹೋಗಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಬಾಣದ ಗುರುತಿನ ಚಿತ್ರ, ಒಂದು ಲೋಗೋ ಎತ್ತಿಕೊಳ್ಳೋಕೂ ಅನುಕೂಲ. ನಿಮ್ಮ 46 ಸ್ಲೈಡ್ ಫೈಲ್ ಅಳಿಸಬೇಡಿ, ಗುಜರಿ ಅಂಗಡಿ ಥರ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಬೇಕಾದ ತುಂಡು ಸಿಕ್ಕರೆ ಲಾಭ. ಅಂದಹಾಗೆ, ವರದಿಯ ಕೊನೆಯಲ್ಲಿ ಮನೆಮನೆ ಪಟ್ಟಿ, ಹೆಸರು, ಫೋನ್ ನಂಬರ್ ಇದ್ದರೆ ಅದನ್ನು ಯಾವುದೋ ಆನ್‌ಲೈನ್ ಕನ್ವರ್ಟರ್‌ಗೆ ಏರಿಸಿದ್ದು ಒಳ್ಳೆಯದಾಗಲಿಲ್ಲ. ಮುಂದಿನ ಸಲ ಬೇಕಾದ ಪುಟಗಳನ್ನು ಮಾತ್ರ ಬೇರೆ ಮಾಡಿಕೊಂಡು, ಕಂಪ್ಯೂಟರ್‌ನಲ್ಲೇ ಇರುವ ತಂತ್ರಾಂಶದಲ್ಲಿ ಮಾಡಿ. ಲಿಬ್ರೆಆಫೀಸ್ ಡ್ರಾ ಪಿಡಿಎಫ್ ತೆರೆಯುತ್ತದೆ, ಉಚಿತ.

ಇಡೀ ಪುಟವನ್ನು ಚಿತ್ರವಾಗಿ ಹಾಕುವ ದಾರಿಯೂ ಒಂದಿದೆ, ಬಹಳ ಜನ ಅದನ್ನೇ ಮಾಡುತ್ತಾರೆ. ವರದಿಯ ಮುಖಪುಟ ತೋರಿಸೋಕೆ, ಒಂದು ಸಹಿ ಇರುವ ಪತ್ರ ತೋರಿಸೋಕೆ ಅದೇ ಸರಿ. ಅಲ್ಲಿ ಮತ್ತೆ ಟೈಪ್ ಮಾಡಿದರೆ ಅದು ದಾಖಲೆಯೇ ಅಲ್ಲ. ಓದಿಸಬೇಕಾದ ಪುಟಕ್ಕೆ ಮಾತ್ರ ಬೇಡ.

ಯಾವುದೇ ತುಂಡು ಎದುರು ಬಂದಾಗ ನಾನು ನನ್ನನ್ನೇ ಕೇಳಿಕೊಳ್ಳುವುದು ಇಷ್ಟು: ಸಭೆಗೆ ಮುಂಚೆ ಇದು ಬದಲಾಗಬಹುದಾ? ಸಭೆಯಲ್ಲಿ ಇದರ ಅಂಕಿಯ ಮೇಲೆ ಜಗಳ ಆಗಬಹುದಾ? ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಕೈಯಾರೆ ಕಟ್ಟುತ್ತೇನೆ. ಎರಡಕ್ಕೂ ಇಲ್ಲ ಅಂದರೆ ಚಿತ್ರ. ನಿಮ್ಮ ಲೆಕ್ಕದಲ್ಲಿ ಕೋಷ್ಟಕ, ಗ್ರಾಫ್, ವೆಚ್ಚದ ಅಂದಾಜು ಕೈಯಾರೆ. ನಕ್ಷೆ, ಫೋಟೋ, ಮುಖಪುಟ ಚಿತ್ರ.

ಕೊನೆಗೆ ಫಾಂಟ್. ಪಿಡಿಎಫ್ ಒಳಗಿನ ಫಾಂಟ್ ಸಾಮಾನ್ಯವಾಗಿ ಪೂರ್ತಿ ಫಾಂಟ್ ಅಲ್ಲ, ವರದಿಯಲ್ಲಿ ಬಳಕೆಯಾದ ಅಕ್ಷರಗಳ ತುಣುಕು ಮಾತ್ರ. ಕನ್ವರ್ಟರ್ ಅದರ ಹೆಸರನ್ನು ಸ್ಲೈಡ್‌ಗೆ ತರುತ್ತದೆ, ಫಾಂಟನ್ನು ತರುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿ ಕಂಡದ್ದು ಸಭಾಂಗಣದ ಕಂಪ್ಯೂಟರ್‌ನಲ್ಲಿ ಬೇರೆ ಫಾಂಟ್ ಹಾಕಿಕೊಂಡು ಸಾಲು ಮುರಿದು ಕೂರುತ್ತದೆ. ವಿಂಡೋಸ್‌ನಲ್ಲಿ ಹೇಗೂ ಇರುವ Nirmala UI ಬಳಸಿ. ಬೇರೆ ಫಾಂಟೇ ಬೇಕು ಅಂದರೆ File > Options > Save ಒಳಗೆ Embed fonts in the file ಗುರುತು ಹಾಕಿ, ಬುಧವಾರವೇ ಒಮ್ಮೆ ಅಲ್ಲಿನ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ.

ಪ್ರತಿ ಸ್ಲೈಡ್‌ನ ಕೆಳಮೂಲೆಯಲ್ಲಿ ‘ವರದಿ, ಪುಟ 17’ ಅಂತ 16 ಪಾಯಿಂಟ್‌ನಲ್ಲಿ ಹಾಕಿ. ಪಿಡಿಎಫ್ ಅನ್ನು ಹಿಂದೆ ತೆರೆದಿಟ್ಟಿರಿ. ಹಿಂದಿನ ಸಾಲಿನಿಂದ ಯಾರಾದರೂ ‘ನಮ್ಮ ಊರಲ್ಲಿ ಇರೋದೇ ಇಷ್ಟು’ ಅಂತ ಎದ್ದು ನಿಂತರೆ, ಅವರ ಮುಂದೆಯೇ ಆ ಪುಟಕ್ಕೆ ಹೋಗಬಹುದು.